‘ನೇ’ ಬಂದಾಗ ಕರ್ತೃ ಯಾರು: ಹಿಂದಿ ಕಲಿಸುತ್ತ ನಾನು ಕಂಡುಕೊಂಡದ್ದು

ಕನ್ನಡ ಮನೆಮಾತಿನ ವಯಸ್ಕರಿಗೆ ಹಲವು ವರ್ಷಗಳಿಂದ ಸಂಜೆಯ ತರಗತಿಗಳಲ್ಲಿ ಹಿಂದಿ ಕಲಿಸುತ್ತ ಬಂದಿದ್ದೇನೆ. ಲಿಂಗದ ತೊಡಕನ್ನು ಅವರು ನಿಧಾನವಾಗಿಯಾದರೂ ದಾಟುತ್ತಾರೆ. ‘ನೇ’ ಪ್ರತ್ಯಯದ ಬಳಿ ಮಾತ್ರ ಬಹುತೇಕ ಎಲ್ಲರೂ ನಿಂತುಬಿಡುತ್ತಾರೆ. ‘ನಾನು ರೊಟ್ಟಿ ತಿಂದೆ’ ಎಂಬುದನ್ನು ‘ಮೈಂ ರೋಟೀ ಖಾಯಾ’ ಎಂದೇ ಹೇಳುತ್ತಾರೆ, ‘ಮೈಂ ನೇ ರೋಟೀ ಖಾಯೀ’ ಎಂದು ನಾಲಗೆ ಹೊರಳುವುದಿಲ್ಲ. ಸಕರ್ಮಕ ಕ್ರಿಯಾಪದ ಮುಗಿದ ಕೆಲಸವನ್ನು ಹೇಳುವಾಗ ಕರ್ತೃವಿಗೆ ‘ನೇ’ ಸೇರಿಸಬೇಕು, ಕ್ರಿಯಾಪದವನ್ನು ಕರ್ಮದ ಲಿಂಗವಚನಕ್ಕೆ ಹೊಂದಿಸಬೇಕು ಎಂಬ ಸೂತ್ರವನ್ನು ಕರಿಹಲಗೆಯ ಮೇಲೆ ಬರೆದು ನಾನು ಮುಂದಕ್ಕೆ ಹೋಗುತ್ತಿದ್ದೆ.

ಒಂದು ಸಂಜೆ ವಿದ್ಯಾರ್ಥಿನಿಯೊಬ್ಬರು ಆ ಸೂತ್ರವನ್ನೇ ಹಿಡಿದು ಕೇಳಿದರು: “ಸರ್, ಕ್ರಿಯಾಪದ ಯಾವುದನ್ನು ಅನುಸರಿಸುತ್ತದೋ ಅದೇ ಕರ್ತೃ ಎಂದು ಮೊದಲ ವಾರ ಹೇಳಿದ್ದಿರಿ. ‘ರಾಮ್ ನೇ ರೋಟೀ ಖಾಯೀ’ ಎಂಬಲ್ಲಿ ಅದು ರೋಟಿಯನ್ನು ಅನುಸರಿಸುತ್ತಿದೆ. ಹಾಗಾದರೆ ರೋಟಿಯೇ ಕರ್ತೃ ಆಗಬೇಕಲ್ಲವೆ?” ತಿಂದವನು ರಾಮನಾದ್ದರಿಂದ ರಾಮನೇ ಕರ್ತೃ ಎಂದೆ. ಅವರು ಬಿಡಲಿಲ್ಲ: “ಕನ್ನಡದ ಕರ್ಮಣಿ ಪ್ರಯೋಗದಲ್ಲಿ ‘ರಾಮನಿಂದ ರೊಟ್ಟಿ ತಿನ್ನಲ್ಪಟ್ಟಿತು’ ಎನ್ನುತ್ತೇವೆ. ಅಲ್ಲಿಯೂ ತಿಂದವನು ರಾಮನೇ, ಕ್ರಿಯಾಪದ ಹೋಗುವುದು ರೊಟ್ಟಿಯ ಹಿಂದೆಯೇ. ಇದೂ ಕರ್ಮಣಿಯೇ?” ನನ್ನಲ್ಲಿ ಉತ್ತರವಿರಲಿಲ್ಲ. ಅರ್ಥದಲ್ಲಿ ಕೆಲಸ ಮಾಡುವವನು ಯಾರು ಎಂಬುದನ್ನೂ ವಾಕ್ಯದ ರಚನೆಯಲ್ಲಿ ಮುಖ್ಯ ಪದ ಯಾವುದು ಎಂಬುದನ್ನೂ ‘ಕರ್ತೃ’ ಎಂಬ ಒಂದೇ ಹೆಸರಿನಡಿ ಇಟ್ಟುಕೊಂಡು ಬಂದಿದ್ದೆನೆಂದು ಆಗ ತಿಳಿಯಿತು.

ಮನೆಗೆ ಬಂದು ಕರ್ತೃ, ಕರ್ಮ ಎಂಬ ಹೆಸರುಗಳನ್ನು ಸ್ವಲ್ಪ ಕಾಲ ಬದಿಗಿಟ್ಟೆ. ಭಾಷಾವಿಜ್ಞಾನಿಗಳು ಹೋಲಿಕೆಗಾಗಿ ಬಳಸುವ ಮೂರು ಸ್ಥಾನಗಳನ್ನಷ್ಟೇ ಕಾಗದದ ಮೇಲೆ ಬರೆದುಕೊಂಡೆ: ‘ರಾಮ ಮಲಗಿದ’ ಎಂಬಂಥ ಅಕರ್ಮಕ ವಾಕ್ಯದ ಒಂಟಿ ಪದ, ‘ರಾಮ ರೊಟ್ಟಿ ತಿಂದ’ ಎಂಬಲ್ಲಿ ಮಾಡುವವನನ್ನು ಹೇಳುವ ಪದ, ಅದೇ ವಾಕ್ಯದಲ್ಲಿ ಕೆಲಸಕ್ಕೆ ಗುರಿಯಾದ ಪದ. ಒಂಟಿ ಪದವು ಉಳಿದ ಎರಡರಲ್ಲಿ ಯಾವುದರ ಜೊತೆಗೆ ಸೇರುತ್ತದೆ ಎಂಬುದೊಂದೇ ಪ್ರಶ್ನೆ. ಕನ್ನಡದಲ್ಲಿ ಅದು ಮಾಡುವವನ ಜೊತೆ ಸೇರುತ್ತದೆ: ‘ರಾಮನು ಮಲಗಿದನು’, ‘ರಾಮನು ಮೋಹನನನ್ನು ನೋಡಿದನು’. ಎರಡರಲ್ಲೂ ರಾಮನಿಗೆ ಪ್ರಥಮಾ ವಿಭಕ್ತಿ, ಕ್ರಿಯಾಪದವೂ ಅವನದೇ. ಬೇರೆಯಾಗಿ ನಿಲ್ಲುವುದು ‘ಅನ್ನು’ ಹೊತ್ತ ಗುರಿ. ಇದನ್ನು ನಾಮಿನೇಟಿವ್-ಅಕ್ಯುಸೇಟಿವ್ ಹೊಂದಾಣಿಕೆ ಎನ್ನುತ್ತಾರೆ. ಒಂಟಿ ಪದವು ಗುರಿಯ ಜೊತೆ ಸೇರಿ, ಮಾಡುವವನು ಮಾತ್ರ ಬೇರೆ ಗುರುತು ಹೊತ್ತರೆ ಅದು ಎರ್ಗೆಟಿವ್-ಅಬ್ಸಲ್ಯೂಟಿವ್ ಹೊಂದಾಣಿಕೆ. ‘ಸೀತಾ ಸೋಯೀ’, ‘ರಾಮ್ ನೇ ರೋಟೀ ಖಾಯೀ’ ಎಂಬ ಎರಡನ್ನು ಒಂದರ ಕೆಳಗೊಂದು ಬರೆದರೆ ಸೀತೆಯೂ ರೊಟ್ಟಿಯೂ ಒಂದೇ ಬಗೆ: ಪ್ರತ್ಯಯವಿಲ್ಲ, ಕ್ರಿಯಾಪದ ಅವುಗಳ ಹಿಂದೆ. ರಾಮನೊಬ್ಬನೇ ಬೇರೆ.

ಹಿಂದಿ ಹೀಗಿರುವುದಕ್ಕೆ ಕಾರಣ ಹಳೆಯದು. ಸಂಸ್ಕೃತದಲ್ಲಿ ‘ರಾಮೇಣ ಫಲಂ ಖಾದಿತಮ್’ ಎಂಬ ಭೂತಕೃದಂತದ ವಾಕ್ಯವಿತ್ತು. ಮಾಡುವವನು ತೃತೀಯಾ ವಿಭಕ್ತಿಯಲ್ಲಿ, ಕೃದಂತ ಫಲದ ಲಿಂಗವಚನದಲ್ಲಿ. ಕಾಲಕ್ರಮೇಣ ಈ ರಚನೆಯೇ ಮುಗಿದ ಕೆಲಸವನ್ನು ಹೇಳುವ ಸಾಮಾನ್ಯ ವಾಕ್ಯವಾಯಿತು. ‘ಖಾತಾ ಹೈ’ ಎಂಬ ವರ್ತಮಾನ ಬೇರೆ ಕೃದಂತದಿಂದ ಬಂದದ್ದರಿಂದ ಅಲ್ಲಿ ‘ನೇ’ ಇಲ್ಲ. ‘ರಾಮ್ ರೋಟೀ ಖಾತಾ ಹೈ’ ಕನ್ನಡದ ಹಾಗೆಯೇ ನಡೆಯುತ್ತದೆ. ಹಾಗಾಗಿ ವಿದ್ಯಾರ್ಥಿನಿಯ ಊಹೆ ಇತಿಹಾಸದ ಮಟ್ಟಿಗೆ ಸರಿಯಾಗಿತ್ತು. ಆದರೆ ಇಂದಿನ ಹಿಂದಿಯಲ್ಲಿ ಕರ್ಮಣಿ ಬೇಕಾದರೆ ‘ರಾಮ್ ಸೇ ರೋಟೀ ಖಾಯೀ ಗಯೀ’ ಎಂಬ ಬೇರೆಯೇ ರಚನೆಯಿದೆ. ‘ನೇ’ ವಾಕ್ಯ ಇಂದು ಏನಾಗಿದೆ ಎಂಬುದನ್ನು ಇಂದಿನ ಬಳಕೆಯಿಂದಲೇ ನೋಡಬೇಕಿತ್ತು.

ನೋಡುವ ದಾರಿ ಇದು: ಪದದ ರೂಪವನ್ನು ಬಿಟ್ಟು, ವಾಕ್ಯ ದೊಡ್ಡದಾದಾಗ ಯಾವ ಪದಕ್ಕೆ ಯಾವ ಹಕ್ಕು ಸಿಗುತ್ತದೆ ಎಂದು ಪರೀಕ್ಷಿಸುವುದು. ಮೊದಲು ನಾನು ಆಜ್ಞಾರ್ಥಕವನ್ನು ತೆಗೆದುಕೊಂಡೆ. ‘ಸೋ ಜಾಓ’, ‘ರೋಟೀ ಖಾಓ’ ಎಂಬ ಎರಡರಲ್ಲೂ ಬಿಟ್ಟುಹೋದ ‘ನೀನು’ ಮಲಗುವವನು ಮತ್ತು ತಿನ್ನುವವನು. ಒಂಟಿ ಪದವೂ ಮಾಡುವವನೂ ಒಂದಾದರೆಂದು ಸಂತೋಷಪಟ್ಟೆ, ಅದು ಅವಸರವಾಗಿತ್ತು. ಅಪ್ಪಟ ಎರ್ಗೆಟಿವ್ ಎನ್ನಿಸಿಕೊಂಡ ಭಾಷೆಗಳಲ್ಲಿಯೂ ಆಜ್ಞೆ ಹೀಗೆಯೇ ಇರುತ್ತದೆ, ಏಕೆಂದರೆ ಮಾಡಲು ಶಕ್ತನಾದವನಿಗಷ್ಟೇ ಆಜ್ಞೆ ಕೊಡಬಹುದು. ಇಂಥ ಪರೀಕ್ಷೆ ಆಜ್ಞೆಯ ಅರ್ಥವನ್ನು ಅಳೆಯುತ್ತದೆಯೇ ಹೊರತು ವ್ಯಾಕರಣವನ್ನಲ್ಲ. ಎಲ್ಲ ಭಾಷೆಗಳಲ್ಲೂ ಒಂದೇ ಉತ್ತರ ಕೊಡುವ ಪರೀಕ್ಷೆಯನ್ನು ಅಂದಿನಿಂದ ಸಾಕ್ಷ್ಯವೆಂದು ಎಣಿಸುವುದನ್ನು ಬಿಟ್ಟೆ.

ಕೆಲಸಕ್ಕೆ ಬಂದದ್ದು ‘ಕರ್’ ಕೃದಂತ. ಕನ್ನಡದ ‘ಬಂದು’, ‘ತಿಂದು’ಗಳ ಜಾಗದಲ್ಲಿ ಹಿಂದಿ ‘ಆಕರ್’, ‘ಖಾಕರ್’ ಎನ್ನುತ್ತದೆ. ‘ರಾಮ್ ನೇ ಘರ್ ಆಕರ್ ಮೋಹನ್ ಕೋ ದೇಖಾ’ ಎಂಬ ವಾಕ್ಯವನ್ನು ಬರೆದು, ಮನೆಗೆ ಬಂದವನು ಯಾರು ಎಂದು ಹಿಂದಿ ಮನೆಮಾತಿನ ಸ್ನೇಹಿತರನ್ನು ಕೇಳಿದೆ. ಎಲ್ಲರೂ ರಾಮ ಎಂದರು. ಮೋಹನ ಬಂದ, ರಾಮ ಅವನನ್ನು ನೋಡಿದ ಎಂಬ ಅರ್ಥ ಬರುವುದೇ ಇಲ್ಲ. ‘ಬಂದ’ ಎಂಬ ಅಕರ್ಮಕದ ಒಂಟಿ ಪದವು ‘ನೋಡಿದ’ ಎಂಬ ಸಕರ್ಮಕದ ಮಾಡುವವನೊಡನೆ ಒಂದಾಗಿದೆ. ನಮ್ಮ ‘ರಾಮನು ಮನೆಗೆ ಬಂದು ಮೋಹನನನ್ನು ನೋಡಿದನು’ ಎಂಬ ವಾಕ್ಯದಲ್ಲಿ ಆಗುವುದೂ ಅದೇ. ಇನ್ನೊಂದು ಜೋಡಿ ಇನ್ನೂ ಸ್ಪಷ್ಟ. ‘ರೋಟೀ ಖಾಕರ್ ರಾಮ್ ಸೋ ಗಯಾ’ ಎಂಬಲ್ಲಿ ರಾಮ ರೊಟ್ಟಿ ತಿಂದಿದ್ದರೂ ‘ನೇ’ ಇಲ್ಲ. ‘ಘರ್ ಆಕರ್ ರಾಮ್ ನೇ ರೋಟೀ ಖಾಯೀ’ ಎಂಬಲ್ಲಿ ಇದೆ. ‘ನೇ’ ಬೇಕೆ ಬೇಡವೆ ಎಂಬುದನ್ನು ಕೊನೆಯ ಕ್ರಿಯಾಪದ ನಿರ್ಧರಿಸುತ್ತದೆ. ಎರಡು ಕೆಲಸಗಳನ್ನು ಒಬ್ಬನಿಗೇ ಕಟ್ಟುವ ನಿಯಮವು ಆ ಪ್ರತ್ಯಯದತ್ತ ತಿರುಗಿಯೂ ನೋಡುವುದಿಲ್ಲ.

‘ಅಪನಾ’ ಎಂಬ ಪದವೂ ಹೀಗೆಯೇ ಸಾಕ್ಷಿ ಹೇಳಿತು. ‘ರಾಮ್ ನೇ ಮೋಹನ್ ಕೋ ಅಪನೇ ಘರ್ ಮೇಂ ದೇಖಾ’ ಎಂದರೆ ಮನೆ ರಾಮನದು, ಕನ್ನಡದ ‘ತನ್ನ ಮನೆಯಲ್ಲಿ’ ಎಂಬಂತೆಯೇ. ಜೊತೆಗೆ ಈ ವಾಕ್ಯ ನನ್ನ ಕರಿಹಲಗೆಯ ಸೂತ್ರದ ಒಂದು ಬಿರುಕನ್ನೂ ತೋರಿಸಿತು: ಗುರಿಗೆ ‘ಕೋ’ ಹತ್ತಿದೊಡನೆ ಕ್ರಿಯಾಪದ ಯಾರನ್ನೂ ಅನುಸರಿಸುವುದಿಲ್ಲ. ‘ಸೀತಾ ನೇ ಗೀತಾ ಕೋ ದೇಖಾ’ ಎಂಬಲ್ಲಿ ಇಬ್ಬರೂ ಹೆಂಗಸರು, ಕ್ರಿಯಾಪದ ಮಾತ್ರ ಪುಲ್ಲಿಂಗ. ಕ್ರಿಯಾಪದ ಅನುಸರಿಸುವ ಪದವೇ ಕರ್ತೃ ಎಂದು ಹಟ ಹಿಡಿದರೆ ಈ ವಾಕ್ಯಕ್ಕೆ ಕರ್ತೃವೇ ಇಲ್ಲವೆನ್ನಬೇಕಾಗುತ್ತದೆ.

ಒಂದು ಎಚ್ಚರಿಕೆಯನ್ನು ಇಲ್ಲಿ ಹೇಳಬೇಕು. ಕೃದಂತದ ಪರೀಕ್ಷೆ ಕನ್ನಡದಲ್ಲಿ ಎಲ್ಲೆಡೆ ನಡೆಯುವುದಿಲ್ಲ. ‘ಮಳೆ ಬಂದು ಬೆಳೆ ಹಾಳಾಯಿತು’ ಎಂಬಲ್ಲಿ ಬಂದದ್ದು ಮಳೆ, ಹಾಳಾದದ್ದು ಬೆಳೆ, ಯಾರೂ ತಪ್ಪೆನ್ನುವುದಿಲ್ಲ. ಕಾರಣ ಮತ್ತು ಪರಿಣಾಮವನ್ನು ಹೇಳುವಾಗ, ಇಚ್ಛೆಯಿಂದ ಮಾಡುವವರು ಇಲ್ಲದಿದ್ದಾಗ, ಈ ಸಡಿಲಿಕೆ ಕಾಣುತ್ತದೆ. ಆದ್ದರಿಂದ ಇಬ್ಬರೂ ಮನುಷ್ಯರಾಗಿದ್ದು, ಇಬ್ಬರಿಗೂ ಬರಲು ನೋಡಲು ಸಾಧ್ಯವಿರುವ ವಾಕ್ಯಗಳನ್ನೇ ಆರಿಸಿಕೊಳ್ಳಬೇಕು. ರೊಟ್ಟಿ ಮನೆಗೆ ಬರುವುದಿಲ್ಲವಾದ್ದರಿಂದ ರಾಮ ಮತ್ತು ರೊಟ್ಟಿಯ ವಾಕ್ಯ ಈ ಪ್ರಶ್ನೆಗೆ ಏನನ್ನೂ ಸಾಬೀತು ಮಾಡುವುದಿಲ್ಲ. ಇದು ತಿಳಿಯುವ ಮೊದಲು ಒಂದು ಸಂಜೆಯನ್ನೇ ಕಳೆದುಕೊಂಡೆ.

ಹಿಂದಿ ಹೊರಗೆ ಎರ್ಗೆಟಿವ್, ಒಳಗೆ ಕನ್ನಡದಂತೆಯೇ ಎಂದು ಖಚಿತವಾದಾಗ, ಒಳಗೂ ಎರ್ಗೆಟಿವ್ ಆಗಿರುವುದೆಂದರೆ ಹೇಗಿರುತ್ತದೆಂದು ತಿಳಿಯುವ ಆಸೆ ಹುಟ್ಟಿತು. ಅದಕ್ಕೆ ಎಲ್ಲರೂ ಹೋಗುವ ಜಾಗಕ್ಕೆ ನಾನೂ ಹೋದೆ: ಆಸ್ಟ್ರೇಲಿಯಾದ ಕ್ವೀನ್ಸ್‌ಲ್ಯಾಂಡಿನ ಈಶಾನ್ಯ ಭಾಗದ ಡಿರ್ಬಲ್ ಭಾಷೆ. ಅದರ ವ್ಯಾಕರಣವನ್ನು ಆರ್. ಎಂ. ಡ್ಬ್ಲ್ಯು. ಡಿಕ್ಸನ್ 1972ರಲ್ಲಿ ಪ್ರಕಟಿಸಿದರು. ‘ಙುಮ ಬನಗನ್ಯು’ ಎಂದರೆ ‘ಅಪ್ಪ ಮರಳಿ ಬಂದ’. ‘ಙುಮ ಯಬುಙ್ಗು ಬುರನ್’ ಎಂದರೆ ‘ಅಮ್ಮ ಅಪ್ಪನನ್ನು ನೋಡಿದಳು’. ‘ಙ್ಗು’ ಮಾಡುವವಳ ಗುರುತು, ಅಪ್ಪನಿಗೆ ಯಾವ ಗುರುತೂ ಇಲ್ಲ. ಇಷ್ಟು ಹಿಂದಿಯಂತೆಯೇ ಇದೆ. ಇವೆರಡನ್ನು ಸೇರಿಸಿದರೆ ‘ಙುಮ ಬನಗನ್ಯು ಯಬುಙ್ಗು ಬುರನ್’ ಆಗುತ್ತದೆ: ಅಪ್ಪ ಮರಳಿ ಬಂದ, ಅಮ್ಮ ನೋಡಿದಳು. ಯಾರನ್ನು? ಅಪ್ಪನನ್ನೇ. ಬಂದ ಒಂಟಿ ಪದವು ನೋಡಲ್ಪಟ್ಟ ಗುರಿಯೊಡನೆ ಒಂದಾಗಬೇಕೆಂಬುದು ಅಲ್ಲಿನ ನಿಯಮ. ‘ಅಪ್ಪ ಮರಳಿ ಬಂದು ಅಮ್ಮನನ್ನು ನೋಡಿದ’ ಎಂಬ, ನಮಗೆ ಅತಿ ಸಹಜವಾದ ಮಾತನ್ನು ಅಲ್ಲಿ ನೇರವಾಗಿ ಹೇಳಲಾಗದು. ಕ್ರಿಯಾಪದಕ್ಕೆ ಬೇರೊಂದು ಪ್ರತ್ಯಯ ಸೇರಿಸಿ, ಅಪ್ಪನನ್ನು ಗುರುತಿಲ್ಲದ ಸ್ಥಾನಕ್ಕೆ ತಂದು, ಅಮ್ಮನನ್ನು ಚತುರ್ಥಿಯಂಥ ರೂಪಕ್ಕೆ ಸರಿಸಿ ‘ಙುಮ ಬನಗನ್ಯು ಬುರಲ್‌ಙನ್ಯು ಯಬುಗು’ ಎನ್ನಬೇಕು. ನಮ್ಮ ಕರ್ಮಣಿ ಪ್ರಯೋಗವನ್ನು ಕನ್ನಡಿಯಲ್ಲಿ ನೋಡಿದಂತಿರುವ ಈ ರಚನೆಗೆ ಆಂಟಿಪ್ಯಾಸಿವ್ ಎಂದು ಹೆಸರು.

ನನ್ನನ್ನು ಬಹಳ ಹೊತ್ತು ಹಿಡಿದಿಟ್ಟದ್ದು ಅದೇ ಭಾಷೆಯ ಸರ್ವನಾಮಗಳು. ‘ನಾವು’ ಎಂಬುದಕ್ಕೆ ‘ಙನ’, ‘ನಮ್ಮನ್ನು’ ಎಂಬುದಕ್ಕೆ ‘ಙನನ’. ಒಂಟಿ ಪದಕ್ಕೂ ಮಾಡುವವರಿಗೂ ಒಂದೇ ರೂಪ, ಥೇಟ್ ಕನ್ನಡದಂತೆ. ಆದರೆ ‘ಙನ ಬನಗನ್ಯು ನ್ಯುರ ಬುರನ್’ ಎಂದರೆ ‘ನಾವು ಮರಳಿ ಬಂದೆವು, ನೀವು ನಮ್ಮನ್ನು ನೋಡಿದಿರಿ’ ಎಂದೇ ಅರ್ಥ. ರೂಪ ಕನ್ನಡದ ಹಾಗಿದ್ದರೂ ವಾಕ್ಯ ಕಟ್ಟುವ ನಿಯಮ ಎರ್ಗೆಟಿವ್ ಆಗಿಯೇ ಉಳಿದಿದೆ. ಹಿಂದಿಯಲ್ಲಿ ಹೊರಗೆ ಒಂದು, ಒಳಗೆ ಇನ್ನೊಂದು. ಡಿರ್ಬಲ್ ಸರ್ವನಾಮಗಳಲ್ಲಿ ಅದರ ತಲೆಕೆಳಗು. ವಿಭಕ್ತಿಯನ್ನಷ್ಟೇ ನೋಡಿ ವಾಕ್ಯದ ಮುಖ್ಯ ಪದ ಯಾವುದೆಂದು ಹೇಳಲಾಗದು ಎಂಬುದಕ್ಕೆ ಇವೆರಡಕ್ಕಿಂತ ಹೆಚ್ಚಿನ ಸಾಕ್ಷ್ಯ ನನಗೆ ಬೇಕೆನಿಸಲಿಲ್ಲ.

ಇಂಗ್ಲಿಷ್ ವ್ಯಾಕರಣದ ‘ಸಬ್ಜೆಕ್ಟ್’ ಎಂಬುದು ಹಾಗಾದರೆ ಒಂದು ವಸ್ತುವಲ್ಲ, ಒಂದು ಗಂಟು: ಗುರುತಿಲ್ಲದ ರೂಪ, ಕ್ರಿಯಾಪದದ ಹೊಂದಾಣಿಕೆ, ‘ತನ್ನ’ ಎಂಬುದನ್ನು ಹಿಡಿಯುವ ಹಕ್ಕು, ಎರಡು ಕೆಲಸಗಳನ್ನು ಒಂದು ಪದಕ್ಕೆ ಕಟ್ಟುವ ಹಕ್ಕು. ಇಂಗ್ಲಿಷಿನಲ್ಲಿ ಇವು ಬಹುಮಟ್ಟಿಗೆ ಒಂದೇ ಪದದ ಮೇಲೆ ಬಂದು ಕೂರುವುದರಿಂದ ಗಂಟು ಗಂಟಾಗಿ ಕಾಣುವುದಿಲ್ಲ. ಕನ್ನಡದಲ್ಲಿಯೂ ಅದು ಬಿಚ್ಚುತ್ತದೆ. ‘ರಾಮನಿಗೆ ತನ್ನ ತಾಯಿಯ ನೆನಪಾಯಿತು’ ಎಂಬಲ್ಲಿ ಕ್ರಿಯಾಪದ ‘ನೆನಪು’ ಎಂಬುದಕ್ಕೆ ಹೊಂದಿದೆ, ‘ತನ್ನ’ ಮಾತ್ರ ಚತುರ್ಥಿಯಲ್ಲಿರುವ ರಾಮನದು. ಡಿ. ಎನ್. ಶಂಕರ ಭಟ್ಟರು 1991ರಲ್ಲಿ ಪ್ರಕಟಿಸಿದ ಇಂಗ್ಲಿಷ್ ಗ್ರಂಥವೊಂದರಲ್ಲಿ, ಇಂಥ ವ್ಯಾಕರಣ ಸಂಬಂಧಗಳು ಎಲ್ಲ ಭಾಷೆಗಳಿಗೂ ಅಗತ್ಯವಲ್ಲ ಎಂದೇ ವಾದಿಸಿದ್ದಾರೆ. ಅಷ್ಟು ದೂರ ಹೋಗಲು ನನಗೆ ಇನ್ನೂ ಧೈರ್ಯವಿಲ್ಲ. ‘ಬಂದು ನೋಡಿದನು’ ಎಂಬಲ್ಲಿನ ಕಟ್ಟು ನನಗೆ ಅಷ್ಟು ಗಟ್ಟಿಯಾಗಿ ಕಾಣುತ್ತದೆ. ಆದರೆ ಪ್ರತಿ ಭಾಷೆಯಲ್ಲೂ ಆ ಕಟ್ಟನ್ನು ಹುಡುಕಿಯೇ ತೋರಿಸಬೇಕು ಎಂಬುದನ್ನು ಒಪ್ಪುತ್ತೇನೆ.

ಈಗ ‘ನೇ’ ಪಾಠವನ್ನು ಬೇರೆ ರೀತಿ ಮಾಡುತ್ತೇನೆ. ‘ಕರ್ತೃ’ ಎಂಬ ಪದವನ್ನು ಮಾಡುವವನಿಗಷ್ಟೇ ಮೀಸಲಿಟ್ಟು, ಕ್ರಿಯಾಪದ ಯಾವುದನ್ನು ಅನುಸರಿಸುತ್ತದೆ ಎಂಬುದನ್ನು ಬೇರೆಯೇ ಪ್ರಶ್ನೆಯಾಗಿ ಕೇಳಿಸುತ್ತೇನೆ: ‘ನೇ’, ‘ಕೋ’ ಹತ್ತದ ಪದ ಯಾವುದು? ಅದಿದ್ದರೆ ಕ್ರಿಯಾಪದ ಅದರ ಹಿಂದೆ, ಇಲ್ಲದಿದ್ದರೆ ಪುಲ್ಲಿಂಗ ಏಕವಚನ. ‘ಲಾನಾ’, ‘ಭೂಲನಾ’ ಸಕರ್ಮಕಗಳಾದರೂ ‘ನೇ’ ಬೇಡುವುದಿಲ್ಲ, ‘ಛೀಂಕನಾ’ ಅಕರ್ಮಕವಾದರೂ ‘ಮೈಂ ನೇ ಛೀಂಕಾ’ ಎನ್ನುತ್ತಾರೆ. ಇವನ್ನು ಪಟ್ಟಿಯಾಗಿ ಕೊಡುತ್ತೇನೆ. ಆ ವಿದ್ಯಾರ್ಥಿನಿಗೆ ಮುಂದಿನ ವಾರವೇ ರಾಮ, ಮೋಹನ, ‘ಆಕರ್’ ಇರುವ ವಾಕ್ಯವನ್ನು ಬರೆದು ಕೊಟ್ಟೆ. ಓದಿ, ಮೋಹನನ ಜಾಗದಲ್ಲಿ ರೊಟ್ಟಿಯನ್ನು ಯಾಕೆ ಇಡಲಿಲ್ಲ ಎಂದು ಅವರು ಕೇಳಿದರು.