ಪಕ್ಕದ ಮನೆಯ ಹಿರಿಯರಿಗೆ ಹಬ್ಬದ ಕಾರ್ಡ್: ಹೊಸದಾಗಿ ಬಂದವರಿಗೆ

ಊರು ಬಿಟ್ಟು ಬೇರೆ ಭಾಷೆಯವರ ನಡುವೆ ಬಂದ ಮೇಲೆ ಬಾಡಿಗೆ ಕರಾರು, ಬ್ಯಾಂಕ್ ಖಾತೆ, ಮಕ್ಕಳ ಸ್ಕೂಲು ಇವೆಲ್ಲ ಹೇಗೋ ಆಗಿಬಿಡುತ್ತವೆ. ಅದಕ್ಕೆ ನನ್ನ ಸಲಹೆ ಬೇಕಿಲ್ಲ. ಪಕ್ಕದ ಮನೆಯಲ್ಲಿ ವಯಸ್ಸಾದ ಅಮ್ಮನೊಬ್ಬರು ಒಂಟಿಯಾಗಿದ್ದಾರೆ, ಅವರ ಹಬ್ಬ ಹತ್ತಿರ ಬಂತು, ಶುಭಾಶಯ ಹೇಳಿ 'ಬಂದು ಮಾತಾಡಿಸಲಾ' ಅಂತ ಕೇಳಬೇಕು. ಇದನ್ನು ಮಾತ್ರ ಯಾರೂ ಹೇಳಿಕೊಡುವುದಿಲ್ಲ.

ನಮ್ಮ ಅಭ್ಯಾಸ ಗೊತ್ತಲ್ಲ. ಒಂದೋ ಹೇಳದೆ ಕೇಳದೆ ಹೋಗಿಬಿಡುವುದು, ಇಲ್ಲವೇ ಮೆಟ್ಟಿಲ ಹತ್ತಿರ ಸಿಕ್ಕಾಗ "ಯಾವಾಗಾದ್ರೂ ಬರ್ತೀವಿ" ಅಂದು ಮುಂದೆ ನಡೆಯುವುದು. ಒಂಟಿಯಾಗಿರುವವರಿಗೆ ಗುರುತಿಲ್ಲದವರು ಬಾಗಿಲು ತಟ್ಟಿದರೆ ಗಾಬರಿ. ಯಾರಿಗೂ ಬಾಗಿಲು ತೆಗೆಯಬೇಡಿ ಅಂತ ಅವರ ಮಕ್ಕಳೇ ಹೇಳಿರುತ್ತಾರೆ. ಇನ್ನು 'ಯಾವಾಗಾದ್ರೂ' ಅಂದರೆ ಬರುವುದಿಲ್ಲ ಅಂತ ಅವರಿಗೂ ಗೊತ್ತು, ನಮಗೂ ಗೊತ್ತು.

ಅದಕ್ಕೇ ಕಾರ್ಡ್ ಬರೆಯಿರಿ. ಅವರ ಭಾಷೆಯಲ್ಲೇ ಬರೆಯಿರಿ, ಒಕ್ಕಣೆ ಮಾತ್ರ ಹೀಗಿರಲಿ:

"ಹಬ್ಬದ ಶುಭಾಶಯಗಳು. ನಾವು ನಿಮ್ಮ ಎಡಗಡೆ ಮನೆಯವರು, ಹಸಿರು ಬಾಗಿಲು. ಇಬ್ಬರು ಚಿಕ್ಕ ಮಕ್ಕಳಿದ್ದಾರೆ, ಸದ್ದು ನಿಮಗೆ ಕೇಳಿಸಿರಬಹುದು! ಹಬ್ಬ ಕಳೆದ ಮೇಲೆ ಗುರುವಾರ ಅಥವಾ ಶನಿವಾರ ಬೆಳಿಗ್ಗೆ 11 ಗಂಟೆಗೆ ನಾನೊಬ್ಬಳೇ ಅರ್ಧ ಗಂಟೆ ಬಂದು ನಿಮ್ಮನ್ನು ಮಾತಾಡಿಸಿ ಹೋಗಬೇಕು ಅಂತ ಆಸೆ. ನಿಮಗೆ ಸರಿಯಾದರೆ ಈ ನಂಬರಿಗೆ ಫೋನ್ ಮಾಡಿ, ಅಥವಾ ಜೊತೆಗಿರುವ ಚೀಟಿಯಲ್ಲಿ ದಿನಕ್ಕೆ ಗುರುತು ಹಾಕಿ ನಮ್ಮ ಟಪಾಲು ಪೆಟ್ಟಿಗೆಗೆ ಹಾಕಿ. ಈಗ ಬೇಡ ಅನ್ನಿಸಿದರೆ ಏನೂ ಮಾಡಬೇಕಿಲ್ಲ, ನಾವು ತಪ್ಪು ತಿಳಿಯುವುದಿಲ್ಲ."

ಇದರಲ್ಲಿ 'ನೀವು ಒಂಟಿಯಾಗಿದ್ದೀರಿ ಪಾಪ' ಅನ್ನುವ ಧ್ವನಿ ಎಲ್ಲೂ ಇಲ್ಲ, ನೋಡಿ. ಕನಿಕರ ತೋರಿಸಿದರೆ ಎಷ್ಟೋ ಜನ ಬಾಗಿಲು ಇನ್ನೂ ಗಟ್ಟಿಯಾಗಿ ಹಾಕಿಕೊಳ್ಳುತ್ತಾರೆ. ಆಸೆ ನಮ್ಮದು ಅಂತ ಬರೆದರೆ ಅವರು ಉಪಕಾರ ಪಡೆದಂತಾಗುವುದಿಲ್ಲ, ಮಾಡಿದಂತಾಗುತ್ತದೆ. ದಿನ, ಗಂಟೆ ಹೇಳಿದ್ದರಿಂದ ಮಾತು ನಿಜ ಅಂತ ಗೊತ್ತಾಗುತ್ತದೆ. ಅರ್ಧ ಗಂಟೆ ಅಂದಿದ್ದರಿಂದ ಇವರು ಎದ್ದು ಹೋಗುತ್ತಾರೋ ಇಲ್ಲವೋ ಅನ್ನುವ ಚಿಂತೆ ಇಲ್ಲ. ಹಬ್ಬದ ದಿನವನ್ನು ಬೇಕೆಂದೇ ಬಿಟ್ಟಿದ್ದೇನೆ. ಆ ದಿನ ಮಕ್ಕಳ ಫೋನು ಬರಬಹುದು, ಯಾರಾದರೂ ಕರೆದುಕೊಂಡು ಹೋಗಬಹುದು. ಮನೆ ಖಾಲಿ ಅನ್ನಿಸುವುದು ಅದರ ಮಾರನೇ ದಿನಗಳಲ್ಲಿ.

ಕಪ್ಪು ಶಾಯಿ, ದಪ್ಪ ಅಕ್ಷರ, ಸಾಲಿನ ನಡುವೆ ಜಾಗ. ಮಿರಮಿರ ಹೊಳೆಯುವ ಕಾರ್ಡ್ ಬೇಡ, ಕಣ್ಣಿನ ಪೊರೆ ಇದ್ದವರಿಗೆ ಆ ಹೊಳಪಿನಲ್ಲಿ ಅಕ್ಷರವೇ ಕಾಣುವುದಿಲ್ಲ. ಲಕೋಟೆ ಅಂಟಿಸಿ ಪೆಟ್ಟಿಗೆಯೊಳಗೆ ಹಾಕಿ. ಬಾಗಿಲಿಗೆ ಸಿಕ್ಕಿಸಿ ಬಂದರೆ ಒಳಗೆ ಯಾರು ಎಷ್ಟು ಜನ ಇದ್ದಾರೆ ಅಂತ ದಾರಿಹೋಕರೂ ಓದಬಹುದು. ಹಬ್ಬಕ್ಕೆ ಒಂದು ವಾರ ಮೊದಲು ಹಾಕಿದರೆ ಯೋಚಿಸಲು ಅವರಿಗೆ ಸಮಯ ಸಿಗುತ್ತದೆ.

ಉತ್ತರ ಬರದಿದ್ದರೆ ಮುನಿಸಿಕೊಳ್ಳಬೇಡಿ. ಕೈ ನಡುಗುತ್ತಿರಬಹುದು, ಮರೆತಿರಬಹುದು, ನಿಜವಾಗಿಯೂ ಬೇಡವಾಗಿರಬಹುದು. ಹೊರಗೆ ಸಿಕ್ಕಾಗ "ಕಾರ್ಡ್ ಸಿಕ್ತಾ?" ಅಂತ ಒಂದೇ ಸಲ ಕೇಳಿ. "ನೋಡೋಣ" ಅಂದರೆ ಅಲ್ಲಿಗೇ ಬಿಡಿ. "ಗುರುವಾರ ಆಗಲ್ಲ, ಶುಕ್ರವಾರ ಬನ್ನಿ" ಅಂದರೆ ಅದು ಖಂಡಿತ ಹೌದು, ಯಾಕೆಂದರೆ ಬೇಡವಾದವರು ದಿನ ಬದಲಾಯಿಸುವ ಗೋಜಿಗೆ ಹೋಗುವುದಿಲ್ಲ.

ಹೋದ ದಿನ ಗಂಟೆ ಒತ್ತಿ, ಎರಡು ಹೆಜ್ಜೆ ಹಿಂದೆ ನಿಂತು ಮುಖ ಕಾಣುವ ಹಾಗೆ ಕಾಯಿರಿ. ಕುರ್ಚಿಯಿಂದ ಎದ್ದು ಬರಲು ಒಂದೆರಡು ನಿಮಿಷ ಬೇಕು, ಮತ್ತೆ ಮತ್ತೆ ಒತ್ತಿದರೆ ಓಡಿಬಂದು ಬಿದ್ದಾರು. ಕಿವಿ ಮಂದವಾದರೆ ಕಿರುಚಬೇಡಿ, ಎದುರು ಕುಳಿತು ನಿಧಾನವಾಗಿ ಮಾತಾಡಿ. ತಿಂಡಿಯ ಡಬ್ಬಿ ಮೊದಲ ಸಲ ಬೇಡ. ಸಕ್ಕರೆ, ಉಪ್ಪು, ಮಾತ್ರೆಗಳ ಪಥ್ಯ ನಮಗೆ ಗೊತ್ತಿರುವುದಿಲ್ಲ, ಮರಳಿ ಏನಾದರೂ ಕೊಡಬೇಕಲ್ಲ ಅನ್ನುವ ಹೊರೆ ಬೇರೆ. ನೆಗಡಿ ಇದ್ದರೆ ಹೋಗಲೇಬೇಡಿ, ಫೋನ್ ಮಾಡಿ ಹೊಸ ದಿನ ಕೇಳಿ.

ನಮ್ಮ ಅಪ್ಪ ಅಮ್ಮನೂ ಊರಲ್ಲಿ ಹೀಗೇ ಇದ್ದಾರೆ ಅಲ್ವಾ. ಅವರ ಪಕ್ಕದ ಮನೆಗೆ ಈಗ ಯಾರು ಬಂದಿದ್ದಾರೋ, ನಮಗೆ ಹೆಸರೂ ಗೊತ್ತಿಲ್ಲ. ಇಲ್ಲಿನ ಅಮ್ಮನಿಗೆ ಕಾರ್ಡ್ ಬರೆದರೆ ಆ ಲೆಕ್ಕ ಸರಿಹೋಗುತ್ತದೆ ಅಂತ ನಾನು ಹೇಳುವುದಿಲ್ಲ, ಹೋಗುವುದಿಲ್ಲ. ಆದರೆ ಇಲ್ಲಿ ಹುಟ್ಟಿದ ನಮ್ಮ ಮಕ್ಕಳಿಗೆ ಅಜ್ಜಿ ಅಂದರೆ ಫೋನಿನ ಪರದೆಯಲ್ಲಿ ಬರುವವರು. ನಿಧಾನವಾಗಿ ನಡೆಯುವವರ ಜೊತೆ ನಿಧಾನವಾಗಿ ನಡೆಯುವುದು ಅವರಿಗೆ ಅಭ್ಯಾಸವೇ ಇಲ್ಲ. ಎರಡನೇ ಸಲ ಮಗುವನ್ನು ಕರೆತರಲಾ ಅಂತ ಕೇಳಿ ನೋಡಿ. ಇಬ್ಬರನ್ನೂ ಒಟ್ಟಿಗೆ ಬೇಡ, ಶ್ರವಣಯಂತ್ರ ಹಾಕಿಕೊಂಡವರಿಗೆ ಆ ಗದ್ದಲ ತಡೆಯಲಾಗುವುದಿಲ್ಲ. ಪ್ರತಿ ವಾರ ಬರುತ್ತೇವೆ ಅಂತ ಮಾತ್ರ ಮಾತು ಕೊಡಬೇಡಿ. ಮುಂದಿನ ಒಂದು ದಿನ ಹೇಳಿ, ಆ ದಿನ ಹೋಗಿ.