ಪುಣೆಯ ಪಬ್‌ನಲ್ಲಿ ನಮ್ಮ ಕನ್ನಡ ರಾಕ್: 41 ಟಿಕೆಟ್‌ನ ಕಥೆ

ನಾವು ನಾಲ್ವರು. ಇಬ್ಬರು ಹುಬ್ಬಳ್ಳಿಯವರು, ಒಬ್ಬ ಬೆಳಗಾವಿಯವನು, ಡ್ರಮ್ಸ್ ಬಾರಿಸೋನು ಮರಾಠಿ ಹುಡುಗ. ಹಾಡೆಲ್ಲ ನಮ್ಮದೇ, ಕನ್ನಡದ್ದೇ. ಪುಣೆಯ ಪಬ್‌ಗಳಿಗೆ ಫೋನ್ ಮಾಡಿದರೆ ಒಂದೇ ಉತ್ತರ ಬರ್ತಿತ್ತು: ಹಿಂದಿ ಕವರ್ ಹಾಡ್ತೀರಾದರೆ ಶನಿವಾರ ಬನ್ನಿ.

ಶನಿವಾರದ ಆಸೆ ಬಿಟ್ಟೆವು. ಬುಧವಾರ ಹೇಗೂ ಟೇಬಲ್ ಖಾಲಿ ಇರುತ್ತವೆ, ಅಲ್ವಾ? ಸ್ಪಾಟಿಫೈ ಫಾರ್ ಆರ್ಟಿಸ್ಟ್ಸ್ ತೆಗೆದರೆ ಯಾವ ಊರಲ್ಲಿ ಎಷ್ಟು ಜನ ಕೇಳ್ತಾರೆ ಅಂತ ಕಾಣುತ್ತೆ. ನಮ್ಮ ಪಟ್ಟಿಯಲ್ಲಿ ಬೆಂಗಳೂರಾದ ಮೇಲೆ ಪುಣೆ ಇತ್ತು. ಅದರ ಸ್ಕ್ರೀನ್‌ಶಾಟ್, ಪ್ರಾಕ್ಟೀಸ್ ಮಾಡೋ ಜ್ಯಾಮ್ ರೂಮಿನಲ್ಲಿ ಒಂದೇ ಟೇಕ್‌ನಲ್ಲಿ ತೆಗೆದ ಮೂರು ನಿಮಿಷದ ವಿಡಿಯೋ, ಇಷ್ಟನ್ನೇ ಬಾಣೇರ್‌ನ ಒಂದು ಪಬ್‌ಗೆ ಕಳಿಸಿದೆ. ಸ್ಟುಡಿಯೋದಲ್ಲಿ ತಿದ್ದಿದ ಹಾಡು ಕಳಿಸಿದರೆ ಇವರು ನಿಜವಾಗಿ ಹೇಗೆ ನುಡಿಸ್ತಾರೆ ಅನ್ನೋದು ಮ್ಯಾನೇಜರ್‌ಗೆ ಗೊತ್ತಾಗಲ್ಲ. ಅವರು ಕೇಳಿದ್ದು ಒಂದೇ, "ಎಷ್ಟು ಜನ ಬರ್ತಾರೆ?" ಮೂವತ್ತು ಅಂದೆ. ಫಿಕ್ಸೆಡ್ ದುಡ್ಡು ಇಲ್ಲ, 300 ರೂಪಾಯಿ ಟಿಕೆಟ್‌ನಲ್ಲಿ ನಮಗೆ ನೂರಕ್ಕೆ ಎಪ್ಪತ್ತು ಅಂತ ಮಾತಾಯಿತು.

ಅವತ್ತು ಎಡವಟ್ಟಾಗಿದ್ದು ಸೌಂಡ್‌ಚೆಕ್‌ನಲ್ಲಿ. ಎಂಜಿನಿಯರ್ ನನ್ನ ದನಿಗೆ ಜಾಸ್ತಿ ರಿವರ್ಬ್, ಅಂದರೆ ದೊಡ್ಡ ಹಾಲ್‌ನಲ್ಲಿ ಹಾಡಿದ ಹಾಗೆ ಮಾರ್ದನಿ, ಹಾಕಿಬಿಟ್ಟಿದ್ದರು. ಗೊತ್ತಿರೋ ಹಿಂದಿ ಹಾಡಾದರೆ ಮಾತು ಮಸುಕಾದರೂ ಜನ ತಾವೇ ತುಂಬಿಕೊಳ್ತಾರೆ, ಹೊಸ ಕನ್ನಡ ಹಾಡಿಗೆ ಆ ಅನುಕೂಲ ಇಲ್ಲ. ಬೆಳಗಾವಿ ಗೆಳೆಯ ಹಿಂದಿನ ಗೋಡೆಗೆ ಹೋಗಿ ನಿಂತು, ಒಂದು ಸಾಲು ಕೇಳಿ, ಏನು ಹಾಡಿದೆ ಅಂತ ವಾಪಸ್ ಹೇಳಬೇಕಿತ್ತು. ಅವನಿಗೆ ಸ್ವರ ಕೇಳಿಸ್ತು, ಪದ ಕೇಳಿಸಲಿಲ್ಲ. ರಿವರ್ಬ್ ಇಳಿಸಿ, ಗಿಟಾರಿನಲ್ಲಿ ಎರಡರಿಂದ ನಾಲ್ಕು ಕಿಲೋಹರ್ಟ್ಸ್ ಸ್ವಲ್ಪ ತಗ್ಗಿಸಿ ಅಂತ ಮರಾಠಿಯಲ್ಲಿ ಕೇಳಿಕೊಂಡೆ. ವ್ಯಂಜನಗಳ ಸ್ಪಷ್ಟತೆ ಹೆಚ್ಚಾಗಿ ಅಲ್ಲೇ ಇರೋದು, ಗಿಟಾರನ್ನ ಗರಗರ ಅನ್ನಿಸೋ ಡಿಸ್ಟಾರ್ಷನ್ ಅದನ್ನೇ ನುಂಗುತ್ತೆ. ಎರಡನೇ ಸಲ ಗೆಳೆಯ ಸಾಲು ಪೂರ್ತಿ ಹೇಳಿದ. ಈಗ ಎಲ್ಲಿ ಹೋದರೂ ಇದೇ ಪರೀಕ್ಷೆ.

ಒಂದು ಕಾಲೇಜು ಫೆಸ್ಟ್‌ನಲ್ಲಿ ಹಾಡಿದಾಗ ಇಂಥ ಪರೀಕ್ಷೆಗೆ ಪುರುಸೊತ್ತೇ ಇರಲಿಲ್ಲ. ಕೊಟ್ಟ ಇಪ್ಪತ್ತು ನಿಮಿಷದಲ್ಲಿ ವೈರ್ ಜೋಡಿಸೋದೂ ಸೇರಿತ್ತು. ಮೂರು ಹಾಡು ಅಂತ ಹೋಗಿ ಎರಡೇ ಹಾಡಿ ಇಳಿದೆವು.

ಬುಧವಾರ 41 ಟಿಕೆಟ್ ಹೋದವು. ಹೆಚ್ಚಿನವರು ಹಿಂಜವಾಡಿಯ ಐಟಿ ಕಡೆಯವರು, ಕನ್ನಡದವರು ಒಬ್ಬೊಬ್ಬರು ಇಬ್ಬರು ಮರಾಠಿ ಗೆಳೆಯರನ್ನ ಎಳೆದು ತಂದಿದ್ದರು. ನಮ್ಮ ಪಾಲು 8,610 ರೂಪಾಯಿ. ಜ್ಯಾಮ್ ರೂಮಿಗೆ 2,400, ಕ್ಯಾಬ್‌ಗೆ 1,400 ಕಳೆದರೆ ತಲೆಗೆ ಸುಮಾರು 1,200 ಉಳಿಯಿತು. ಸ್ಟ್ರೀಮಿಂಗ್‌ನಿಂದ ಅಷ್ಟೂ ಬಂದಿಲ್ಲ. ಸ್ಪಾಟಿಫೈನಲ್ಲಿ ಒಂದು ಹಾಡಿಗೆ ವರ್ಷಕ್ಕೆ ಸಾವಿರ ಸ್ಟ್ರೀಮ್ ಆಗದಿದ್ದರೆ ದುಡ್ಡೇ ಇಲ್ಲ, ನಮ್ಮ ಎರಡು ಹಾಡು ಆ ಗೆರೆಯ ಕೆಳಗೇ ಇವೆ. ಇಳಿದು ಬರುವಾಗ ಮ್ಯಾನೇಜರ್ ಮುಂದಿನ ತಿಂಗಳು ಗುರುವಾರ ಬರ್ತೀರಾ ಅಂದರು. ಹಿಂದಿ ಕವರ್ ಮಾತು ಎತ್ತಲಿಲ್ಲ.