ಸ್ಟಾಪ್ಡ್ ಫ್ಲೋ ಇಲ್ದೆ ಕೈಮೋಟ್ರಿಪ್ಸಿನ್ ಬರ್ಸ್ಟ್ ಹಿಡಿದಿದ್ದು: ನನ್ನ ಅನುಭವ

ಕೈಮೋಟ್ರಿಪ್ಸಿನ್ ಎನ್‌ಜೈಮಿಗೆ ಎಸ್ಟರ್ ಕೊಟ್ಟ ತಕ್ಷಣ ಹಳದಿ ನೈಟ್ರೋಫೀನಾಲ್ ಒಮ್ಮೆಲೇ ನುಗ್ಗಿ ಬಂದು ಆಮೇಲೆ ನಿಧಾನ ಆಗುತ್ತಲ್ಲ, ಅದೇ ಬರ್ಸ್ಟ್. ಮಾಮೂಲಿ ಸ್ಪೆಕ್ಟ್ರೋಫೋಟೋಮೀಟರಲ್ಲಿ ಅದು ಕಾಣಿಸಲ್ಲ, ಕಣ್ಣು ಮಿಟುಕಿಸೋದ್ರೊಳಗೆ ಮಿಕ್ಸ್ ಮಾಡಿ ಅಳೆಯೋ ಸ್ಟಾಪ್ಡ್ ಫ್ಲೋ ಮಷೀನ್ ಬೇಕೇ ಬೇಕು ಅಂತ ಲ್ಯಾಬಲ್ಲಿ ಎಲ್ಲರೂ ಹೇಳ್ತಿದ್ರು. ಆ ಮಷೀನಿಗೆ ನಮ್ಮ ಗ್ರಾಂಟ್ ಪೂರ್ತಿ ಸುರಿದ್ರೂ ಸಾಲಲ್ಲ. ಈಗ ಕೈಯಲ್ಲೇ ಮಿಕ್ಸ್ ಮಾಡಿ ಬರ್ಸ್ಟ್ ತೆಗೆದಿದೀನಿ, ಗ್ರಾಫ್ ಗೋಡೆ ಮೇಲೆ ಅಂಟಿಸಿದೀನಿ, ಆಗಲ್ಲ ಅಂದವರೇ ಬಂದು ಪ್ರೋಟೋಕಾಲ್ ಕೇಳ್ತಿದಾರೆ, ಅದಕ್ಕೆ ಬರೀತಿದೀನಿ. ಬರ್ಸ್ಟ್ ಹೊಸದೇನಲ್ಲ, ಹಾರ್ಟ್ಲಿ ಮತ್ತೆ ಕಿಲ್ಬಿ 1954ರಲ್ಲೇ ಪ್ಯಾರಾ ನೈಟ್ರೋಫೀನೈಲ್ ಅಸಿಟೇಟ್ ಇಟ್ಕೊಂಡು ತೋರಿಸಿದ್ದು, ಸ್ಟಾಪ್ಡ್ ಫ್ಲೋ ಇಲ್ದೆನೇ.

ಎಲ್ಲರೂ ಎಡವೋದು ಸಬ್‌ಸ್ಟ್ರೇಟ್ ಜಾಸ್ತಿ ಹಾಕೋದ್ರಲ್ಲಿ. ಸ್ಯಾಚುರೇಟ್ ಮಾಡ್ಬೇಕು ಅಂತ ಮಿಲಿಮೋಲಾರ್ ಮಟ್ಟಕ್ಕೆ ಹಾಕ್ತಾರೆ, ಆಗ ಬರ್ಸ್ಟ್ ಒಂದು ಸೆಕೆಂಡಲ್ಲಿ ಮುಗಿದೋಗುತ್ತೆ, ಮುಚ್ಚಳ ಮುಚ್ಚೋ ಹೊತ್ತಿಗೆ ಬರೀ ನೇರ ಗೆರೆ. ನಾನು 100 ಮೈಕ್ರೋಮೋಲಾರಿಗೆ ಇಳಿಸಿದೆ. ಈ ಎಸ್ಟರಿಗೆ ಬೈಂಡಿಂಗ್ ಕಾನ್‌ಸ್ಟೆಂಟ್ ಸುಮಾರು ಒಂದೂವರೆ ಮಿಲಿಮೋಲಾರ್, ಅಸಿಟೈಲ್ ಎನ್‌ಜೈಮಿಗೆ ಅಂಟ್ಕೊಳ್ಳೋ ಅಸೈಲೇಷನ್ ಸೆಕೆಂಡಿಗೆ 3ರ ಹತ್ರ, ಆದ್ರೆ ಅದು ಬಿಟ್ಟು ಹೋಗೋ ಡೀಅಸೈಲೇಷನ್ ಸೆಕೆಂಡಿಗೆ 0.01 ಅಷ್ಟೇ. ಹಂಗಾಗಿ 100 ಮೈಕ್ರೋಮೋಲಾರಲ್ಲಿ ಬರ್ಸ್ಟಿನ ಅರ್ಧಾಯುಷ್ಯ ನಾಲ್ಕು ಸೆಕೆಂಡಿಗೆ ಹಿಗ್ಗುತ್ತೆ, 50ಕ್ಕೆ ಇಳಿಸಿದ್ರೆ ಏಳರ ಹತ್ರ. ಅಷ್ಟು ಇಳಿಸಿದ್ರೂ ಆಮೇಲಿನ ನಿಧಾನದ ಗೆರೆಗೆ ಸಬ್‌ಸ್ಟ್ರೇಟ್ ಕಮ್ಮಿ ಬೀಳಲ್ಲ, ಯಾಕಂದ್ರೆ ಡೀಅಸೈಲೇಷನ್ ಇಷ್ಟು ನಿಧಾನ ಇರೋದ್ರಿಂದ ಒಟ್ಟಾರೆ Km ಕೆಲವೇ ಮೈಕ್ರೋಮೋಲಾರಿಗೆ ಬಂದುಬಿಡುತ್ತೆ. ಲ್ಯಾಬಲ್ಲಿ ನನ್ನ ಮಾತು ಯಾರೂ ನಂಬದೇ ಇದ್ದಿದ್ದು ಇದೊಂದು ಕಡೆ.

ಕ್ಯುವೆಟ್ಟಲ್ಲಿ ಪಿಎಚ್ 7.8 ಫಾಸ್ಫೇಟ್ ಒಂದು ಮಿಲಿ, ಅಸಿಟೋನೈಟ್ರೈಲಲ್ಲಿ ಕರಗಿಸಿದ ಎಸ್ಟರ್ 10 ಮೈಕ್ರೋಲೀಟರ್, ಬೇಸ್‌ಲೈನ್ ಸ್ವಲ್ಪ ಹೊತ್ತು ನೋಡಿ ಕೊನೆಗೆ ಎನ್‌ಜೈಮ್. ಟ್ರಿಸ್ ಬೇಡ, ಇಮಿಡಜೋಲ್ ಅಂತೂ ಬೇಡವೇ ಬೇಡ, ಅದು ಎನ್‌ಜೈಮ್ ಇಲ್ದೇನೇ ಎಸ್ಟರ್ ಒಡೆಯುತ್ತೆ, ಬ್ಲ್ಯಾಂಕ್ ಮೇಲೇರಿ ಎಲ್ಲಾ ಹಾಳು. ಎಸ್ಟರ್ ಸ್ಟಾಕ್ ಹಳದಿ ತಿರುಗಿದ್ರೆ ಚೆಲ್ಲಿಬಿಡಿ. ಎನ್‌ಜೈಮ್ ಸ್ಟಾಕನ್ನ 1 ಮಿಲಿಮೋಲಾರ್ ಎಚ್‌ಸಿಎಲ್‌ನಲ್ಲಿ ಐಸ್ ಮೇಲೆ ಇಡಿ, ನ್ಯೂಟ್ರಲ್ ಬಫರಲ್ಲಿ ಇಟ್ರೆ ತನ್ನನ್ನ ತಾನೇ ತಿನ್ನುತ್ತೆ. ಒಂದೊಂದು ರನ್ನಿಗೆ ಕಾಲು ಮಿಲಿಗ್ರಾಂ ಹೋಗುತ್ತೆ, ಕ್ಯುವೆಟ್ಟಲ್ಲಿ 10 ಮೈಕ್ರೋಮೋಲಾರ್ ಬೇಕಲ್ಲ. ಅದೃಷ್ಟಕ್ಕೆ ಕೈಮೋಟ್ರಿಪ್ಸಿನ್ ಅಗ್ಗ, ದುಡ್ಡು ಹೋಗಿದ್ದೆಲ್ಲಾ ಇನ್‌ಹಿಬಿಟರ್‌ಗಳಿಗೆ. ಎನ್‌ಜೈಮ್ ಹಾಕಿ ಮಿಕ್ಸ್ ಮಾಡೋಕೆ ನಾನು ಒಂದು ಸಣ್ಣ ಸಾಮಾನು ಕೈಯಲ್ಲೇ ಮಾಡ್ಕೊಂಡಿದೀನಿ, ಅದು ಏನು ಅಂತ ಇಲ್ಲಿ ಹೇಳಲ್ಲ. ಟೈಮ್ ಸೊನ್ನೆ ಅಂದ್ರೆ ಎನ್‌ಜೈಮ್ ಬಿದ್ದ ಕ್ಷಣ, ರೆಕಾರ್ಡಿಂಗ್ ಶುರುವಾದ ಕ್ಷಣ ಅಲ್ಲ, ಇದನ್ನ ಮಾತ್ರ ಮರೀಬೇಡಿ.

ಮೊದಲ ಐದು ಸೆಕೆಂಡು ಮಿಕ್ಸಿಂಗಲ್ಲಿ ಹೋಗೇ ಹೋಗುತ್ತೆ, ಅಂದ್ರೆ ಬರ್ಸ್ಟಿನ ಅರ್ಧಕ್ಕಿಂತ ಜಾಸ್ತಿ ಕಣ್ಣಿಗೇ ಬೀಳಲ್ಲ. ಬೀಳ್ದಿದ್ರೂ ಪರವಾಗಿಲ್ಲ. 40 ಸೆಕೆಂಡಿಂದ ಎರಡು ನಿಮಿಷದವರೆಗಿನ ನೇರ ಗೆರೆನ ಹಿಂದಕ್ಕೆ ಸೊನ್ನೆಗೆ ಎಳೀರಿ, ಅದು ಮೇಲೆ ಎಲ್ಲಿ ಕಚ್ಚುತ್ತೋ ಅದೇ ಬರ್ಸ್ಟ್. ನಂದು 400 ನ್ಯಾನೋಮೀಟರಲ್ಲಿ 0.115ರ ಆಸುಪಾಸು ಬಂತು, ಗೆರೆಯ ಏರು ನಿಮಿಷಕ್ಕೆ 0.07. ಈ ಪಿಎಚ್‌ನಲ್ಲಿ ನೈಟ್ರೋಫೀನಾಲಿಗೆ ಎಕ್ಸ್‌ಟಿಂಕ್ಷನ್ 15,000 ಅಂತ ಹಿಡಿದ್ರೆ 7.7 ಮೈಕ್ರೋಮೋಲಾರ್. ಇಷ್ಟು ಕಮ್ಮಿ ಸಬ್‌ಸ್ಟ್ರೇಟಲ್ಲಿ ಬರ್ಸ್ಟ್ ಪೂರ್ತಿ ಎತ್ತರ ಮುಟ್ಟಲ್ಲ, ನೂರಕ್ಕೆ ತೊಂಬತ್ತು ಮುಟ್ಟುತ್ತೆ ಅಷ್ಟೇ, ಅದನ್ನ ಸರಿ ಮಾಡಿದ್ರೆ 8.5. ಆದ್ರೆ 280 ನ್ಯಾನೋಮೀಟರಲ್ಲಿ ಪ್ರೋಟೀನ್ ಅಳೆದಾಗ 10 ಇತ್ತು, ಅಂದ್ರೆ ಬಾಟಲಿಯಲ್ಲಿರೋ ಪ್ರೋಟೀನಲ್ಲಿ ನೂರಕ್ಕೆ ಹದಿನೈದು ಪಾಲು ಸತ್ತದ್ದು. ಇದು ಲೇಬಲ್ ಮೇಲೆ ಎಲ್ಲೂ ಇರಲ್ಲ ನೋಡಿ.

ಈ ಎತ್ತರ ಎನ್‌ಜೈಮ್ ಲೆಕ್ಕಕ್ಕೆ ಸರಿಹೊಂದೋದೇ ಇಡೀ ಮೆಕ್ಯಾನಿಸಂ. ಹಿಸ್57 ಪ್ರೋಟಾನ್ ಕಿತ್ಕೊಳ್ಳುತ್ತೆ, ಆಸ್ಪ್102 ಅದನ್ನ ಹಿಡಿದು ನಿಲ್ಲಿಸುತ್ತೆ, ಸೆರ್195ರ ಆಕ್ಸಿಜನ್ ಕಾರ್ಬೊನೈಲಿಗೆ ಹೊಡೆಯುತ್ತೆ, ಟೆಟ್ರಾಹೆಡ್ರಲ್ ಇಂಟರ್ಮೀಡಿಯೇಟ್ ಆಗಿ ಮೈನಸ್ ಚಾರ್ಜ್ ಬಂದ ಆಕ್ಸಿಜನ್ ಹೋಗಿ ಆಕ್ಸಿಆನಯಾನ್ ಹೋಲಲ್ಲಿ ಗ್ಲೈ193, ಸೆರ್195ರ ಬೆನ್ನೆಲುಬಿನ ಎನ್‌ಎಚ್‌ಗಳ ಮಧ್ಯೆ ಕೂರುತ್ತೆ, ಅದು ಕುಸಿದಾಗ ಹಳದಿ ಆಚೆ ಬರುತ್ತೆ, ಅಸಿಟೈಲ್ ಸೆರಿನಲ್ಲೇ ಸಿಕ್ಕಾಕೊಳ್ಳುತ್ತೆ. ಒಂದು ಎನ್‌ಜೈಮಿಗೆ ಒಂದು ಹಳದಿ. ಆಮೇಲೆ ನೀರು ಬಂದು ಅದೇ ಹಿಸ್57 ಕೈಲಿ ಎರಡನೇ ಟೆಟ್ರಾಹೆಡ್ರಲ್ ಆಗಿ ಅಸಿಟೇಟ್ ಬಿಡಬೇಕು, ಅದಕ್ಕೆ ಹತ್ತತ್ರ ನೂರು ಸೆಕೆಂಡ್.

ನೀರು ಎರಡನೇ ಹೆಜ್ಜೇಲೇ ಬರುತ್ತೆ ಅನ್ನೋದಕ್ಕೆ ಶೇಕಡಾ 5 ಮೆಥನಾಲ್ ಹಾಕಿ ನೋಡಿದೆ. ಬರ್ಸ್ಟ್ ಹಂಗೇ ಇತ್ತು, ಏರು ಮಾತ್ರ ಜಾಸ್ತಿ ಆಯ್ತು, ಅಸಿಟೈಲನ್ನ ನೀರಿನ ಜೊತೆ ಮೆಥನಾಲೂ ಎತ್ಕೊಂಡು ಹೋಗ್ತಿದೆ ಅಂತ ಅರ್ಥ. ಸೆರಿನಿಗೆ ಅಂಟಿ ಎನ್‌ಜೈಮ್ ಕೊಲ್ಲೋ ಪಿಎಂಎಸ್‌ಎಫ್ ಹಾಕಿ ಕಾದ್ರೆ ಬರ್ಸ್ಟ್, ಏರು ಎರಡೂ ಮಾಯ. ಪಿಎಂಎಸ್‌ಎಫ್ ಪಿಎಚ್ 8ರಲ್ಲಿ ಅರ್ಧ ಗಂಟೆಗೇ ಅರ್ಧಕ್ಕೆ ಇಳಿಯುತ್ತೆ, ಹಾಗಾಗಿ ಬೆಳಿಗ್ಗೆ ಬಫರಿಗೆ ಸೇರಿಸಿಟ್ಟಿದ್ದನ್ನ ಮಧ್ಯಾಹ್ನ ಬಳಸಿ ಇನ್‌ಹಿಬಿಷನ್ ಇಲ್ಲ ಅಂತ ಗೋಳಾಡಬೇಡಿ. ದುಬಾರಿ ಟಿಪಿಸಿಕೆ ಕೂಡ ತರಿಸಿದೆ, ಅದು ಸೆರಿನ್ ಮುಟ್ಟಲ್ಲ, ಹಿಸ್57ನ ಅಷ್ಟೇ ಆಲ್ಕಿಲೇಟ್ ಮಾಡುತ್ತೆ. ಆದ್ರೂ ಬರ್ಸ್ಟ್ ಸತ್ತೋಯ್ತು. ಸೆರಿನ್ ಸುಮ್ನೆ ಅಲ್ಲಿದ್ರೆ ಸಾಲಲ್ಲ ಅಂತ ಇದಕ್ಕಿಂತ ಚೆನ್ನಾಗಿ ತೋರಿಸೋಕಾಗಲ್ಲ, ಕೊಟ್ಟ ದುಡ್ಡು ದಂಡ ಅಲ್ಲ.

ಇದೇ ಆಟಾನ ಕಮ್ಮಿ ಪಿಎಚ್‌ನಲ್ಲಿ ಆಡೋರು 400ರಲ್ಲಿ ನೋಡಿ ಬರ್ಸ್ಟ್ ಇಲ್ಲ ಅಂತಾರೆ. ಬರ್ಸ್ಟ್ ಇರುತ್ತೆ, ಹಳದಿ ಇರಲ್ಲ, ನೈಟ್ರೋಫೀನಾಲ್ ಪಿಕೆಎ 7.1 ಅಲ್ವಾ. 348ರಲ್ಲಿ ನೋಡಿ, ಅಲ್ಲಿ ಎರಡು ರೂಪಗಳೂ ಒಂದೇ ಸಮ ಹೀರುತ್ವೆ, ಸಿಗ್ನಲ್ ಮೂರರಲ್ಲಿ ಒಂದಕ್ಕೆ ಇಳಿಯುತ್ತೆ ಅಷ್ಟೇ. ಇನ್ನು ನೈಟ್ರೋಅನಿಲೈಡ್ ಸಬ್‌ಸ್ಟ್ರೇಟಲ್ಲಿ ಬರ್ಸ್ಟ್ ಹುಡುಕ್ತಾ ಕೂರಬೇಡಿ. ಅಮೈಡಲ್ಲಿ ಅಸೈಲೇಷನ್ನೇ ನಿಧಾನದ ಹೆಜ್ಜೆ, ಸೆರಿನ್ ಮೇಲೆ ಏನೂ ಜಮಾ ಆಗಲ್ಲ.

ನಂಗೆ ತುಂಬಾ ಖುಷಿ ಕೊಟ್ಟಿದ್ದು ಕೈಮೋಟ್ರಿಪ್ಸಿನ್ನಿನ ಇನ್ನೂ ಕೆಲಸ ಶುರು ಮಾಡದ ಮೂಲರೂಪ, ಅಂದ್ರೆ ಝೈಮೋಜೆನ್, ಕೈಮೋಟ್ರಿಪ್ಸಿನೋಜೆನ್. ಅದರಲ್ಲಿ ಸೆರ್, ಹಿಸ್, ಆಸ್ಪ್ ಮೂರರ ಟ್ರಯಾಡ್ ಹೆಚ್ಚುಕಮ್ಮಿ ಜಾಗದಲ್ಲೇ ಇದೆ, ಆದ್ರೆ ಗ್ಲೈ193ರ ಎನ್‌ಎಚ್ ತಪ್ಪು ಕಡೆ ತಿರುಗಿದೆ, ಹೋಲ್ ಇಲ್ಲ. ಕ್ಯುವೆಟ್ಟಿಗೆ ಹಾಕಿದೆ, ಬರ್ಸ್ಟ್ ಇಲ್ಲ, ಬಾಟಲಿಯಲ್ಲಿರೋ ಚೂರುಪಾರು ಆಕ್ಟಿವ್ ಎನ್‌ಜೈಮಿಂದ ಸಣ್ಣ ಏರು ಬಿಟ್ರೆ. ಅದನ್ನ ಹೆಂಗೆ ತೊಳೆದೆ ಅನ್ನೋದು ಇನ್ನೊಂದ್ಸಲ. ಅದೇ ಝೈಮೋಜೆನ್ನಿಗೆ ಚಿಟಿಕೆ ಟ್ರಿಪ್ಸಿನ್ ಹಾಕಿ ಐಸ್ ಮೇಲೆ ಬಿಟ್ಟು ಆಗಾಗ ತೆಗೆದು ನೋಡ್ತಾ ಹೋದೆ, ಬರ್ಸ್ಟ್ ಬೆಳೀತಾ ಹೋಯ್ತು. ಟ್ರಿಪ್ಸಿನ್ ಕತ್ತರಿಸೋದು 15 ಮತ್ತೆ 16ರ ಮಧ್ಯೆ, ಆಗ ಹುಟ್ಟೋ ಐಲ್16ರ ತುದಿ ಒಳಗೆ ಹೋಗಿ ಆಸ್ಪ್194 ಜೊತೆ ಸಾಲ್ಟ್ ಬ್ರಿಡ್ಜ್ ಮಾಡುತ್ತೆ, ಆ ಎಳೆತಕ್ಕೆ 193 ತಿರುಗಿ ಹೋಲ್ ತಯಾರು.

ಇದಕ್ಕೆ ಒಬ್ಬ ಗೆಳೆಯ ತೆಗೆದ ತಕರಾರು ಸರಿಯಾಗೇ ಇದೆ: ಝೈಮೋಜೆನಲ್ಲಿ ಸಬ್‌ಸ್ಟ್ರೇಟ್ ಕೂರೋ ಎಸ್1 ಪಾಕೆಟ್ಟೂ ಸರಿಯಾಗಿ ಇರಲ್ಲ, ಹಾಗಾಗಿ ಬರ್ಸ್ಟ್ ಇಲ್ಲದ್ದನ್ನ ಹೋಲ್ ಒಂದರ ತಲೆ ಮೇಲೇ ಹಾಕೋಕಾಗಲ್ಲ. ಬೆನ್ನೆಲುಬಿನ ಎನ್‌ಎಚ್‌ನ ಮ್ಯುಟೇಷನಲ್ಲಿ ತೆಗೆಯೋಕೂ ಆಗಲ್ಲ. ಅದಕ್ಕೇ ಸಬ್ಟಿಲಿಸಿನ್ ಅನ್ನೋ ಇನ್ನೊಂದು ಸೆರಿನ್ ಪ್ರೋಟಿಯೇಸ್ ಕಡೆ ಹೊರಟಿದೀನಿ, ಅದರ ಹೋಲಲ್ಲಿ ಒಂದು ಕೈ ಆಸ್ನ್155ರ ಸೈಡ್ ಚೈನಿಂದ ಬರುತ್ತೆ, ಅದನ್ನ ಬದಲಾಯಿಸಬಹುದು, ಬದಲಾಯಿಸಿದವರಿಗೆ kcat ನೂರಾರು ಪಟ್ಟು ಬಿದ್ದಿದೆ, ಬೈಂಡಿಂಗ್ ಹೆಚ್ಚೇನೂ ಅಲುಗಾಡಿಲ್ಲ. ಪ್ರೈಮರ್ ಆರ್ಡರ್ ಹಾಕಿದೀನಿ.